ದೋಸೆ ಹಿಟ್ಟು ಉಕ್ಕುವುದು ಏತರಿಂದ?

2021ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರಿನ ಐಡಿ ಫ್ರೆಶ್ ಫುಡ್ ಸಂಸ್ಥೆ ತನ್ನ ಇಡ್ಲಿ-ದೋಸೆ ಹಿಟ್ಟು ಹೆಚ್ಚು ಒದಗಲೆಂದು ಅದಕ್ಕೆ ದನದ ಮೂಳೆಯನ್ನೂ ಕರುವಿನ ರೆನ್ನೆಟ್ಟನ್ನೂ ಬೆರೆಸುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಡಿತು. 2005ರಲ್ಲಿ 50 ಚದರಡಿಯ ಅಡುಗೆಮನೆಯೊಂದರಲ್ಲಿ ಆರಂಭವಾಗಿ ಬೆಳೆದಿದ್ದ ಸಂಸ್ಥೆಯು ಇದಕ್ಕೆ ಪ್ರತಿಯಾಗಿ ಹೊರಡಿಸಿದ ಹೇಳಿಕೆಯಲ್ಲಿ, ಹಿಟ್ಟಿಗೆ ಬಳಸುವುದು ಅಕ್ಕಿ, ಉದ್ದಿನಬೇಳೆ, ನೀರು ಮತ್ತು ಮೆಂತ್ಯ ಮಾತ್ರ, ಪ್ರಾಣಿಜನ್ಯ ಪದಾರ್ಥ ಯಾವುದೂ ಇಲ್ಲ ಎಂದು ಸಮಾಧಾನದಿಂದಲೇ ತಿಳಿಸಿತು. ನಾಲ್ಕೇ ಹೆಸರುಗಳ ಈ ಪಟ್ಟಿ ಸಪ್ಪೆಯೆನಿಸಬಹುದಾದರೂ, ಹಿಟ್ಟು ಉಕ್ಕುವ ಬಗೆಯನ್ನು ಬಲ್ಲವರಿಗೆ ಅದಕ್ಕಿಂತ ಹೆಚ್ಚಿನ ಉತ್ತರ ಬೇಕಾಗುವುದಿಲ್ಲ.

ರೆನ್ನೆಟ್ ಎಂಬುದು ಹಾಲು ಕುಡಿಯುವ ಕರುವಿನ ನಾಲ್ಕನೆಯ ಜಠರದಿಂದ ತೆಗೆಯುವ, ಚೀಸ್ ತಯಾರಿಕೆಯಲ್ಲಿ ಬಳಕೆಯಲ್ಲಿರುವ ಕಿಣ್ವಗಳ, ಅಂದರೆ ಜೀವರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನುಗಳ, ಮಿಶ್ರಣ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನಿನ ಒಂದು ಭಾಗವನ್ನು ಕತ್ತರಿಸಿ ಹಾಲನ್ನು ಗಟ್ಟಿಯಾಗಿಸುವುದೇ ಅದರ ಕೆಲಸ; ಅಕ್ಕಿಯಲ್ಲಾಗಲಿ ಉದ್ದಿನಲ್ಲಾಗಲಿ ಕೇಸೀನ್ ಇಲ್ಲದಿರುವುದರಿಂದ ದೋಸೆ ಹಿಟ್ಟಿನಲ್ಲಿ ಅದಕ್ಕೆ ಮಾಡಲು ಕೆಲಸವೇ ಇಲ್ಲ. ಬಹುಪಾಲು ಸುಣ್ಣದ ಲವಣವಾದ ಮೂಳೆಯ ಪುಡಿಯೂ ಅಷ್ಟೇ, ತಳಕ್ಕಿಳಿದು ಹಲ್ಲಿಗೆ ಮರಳಿನಂತೆ ಸಿಕ್ಕೀತೇ ಹೊರತು ಹಿಟ್ಟನ್ನು ಉಬ್ಬಿಸಲಾರದು.

ಉಬ್ಬಿಸುವುದು ಉದ್ದು. ಬೇಳೆಯೊಂದಿಗೇ ಬರುವ ಲ್ಯೂಕೊನಾಸ್ಟಾಕ್ ಮುಂತಾದ ಬ್ಯಾಕ್ಟೀರಿಯಾಗಳು ಹಿಟ್ಟಿನಲ್ಲಿರುವ ಸಕ್ಕರೆಯಂಶವನ್ನು ಬಳಸಿಕೊಂಡು ಹುಳಿಯನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಉಂಟುಮಾಡುತ್ತವೆ. ರುಬ್ಬಿದಾಗ ಉದ್ದಿನಿಂದ ಹೊರಬರುವ ಲೋಳೆ ಮತ್ತು ಪ್ರೋಟೀನು ಆ ಅನಿಲ ತಪ್ಪಿಸಿಕೊಳ್ಳದಂತೆ ಹಿಡಿದಿಡುತ್ತವೆ. ಚೆನ್ನಾಗಿ ರುಬ್ಬಿದ ಉದ್ದಿನ ಹಿಟ್ಟಿನ ಚಿಟಿಕೆಯೊಂದನ್ನು ನೀರಿಗೆ ಬಿಟ್ಟರೆ ಅದು ತೇಲುವುದೂ, ಬೆಳಿಗ್ಗೆ ಪಾತ್ರೆಗೆ ಸೌಟು ಇಳಿಸಿದಾಗ ಒಳಗೆಲ್ಲ ಗುಳ್ಳೆಗಳ ಬಲೆ ಕಾಣುವುದೂ ಈ ಹಿಡಿತದಿಂದಲೇ. ಬರೀ ಅಕ್ಕಿ ಹಿಟ್ಟು ಹುಳಿ ಬಂದರೂ ಇಷ್ಟು ಉಕ್ಕದಿರುವುದು ಈ ಹಿಡಿತ ಇಲ್ಲದ್ದರಿಂದ.

ಪೊಟ್ಟಣ ಊದಿಕೊಂಡಿದ್ದರೆ ರಾಸಾಯನಿಕ ಬೆರೆಸಿದ್ದಾರೆಂಬ ಶಂಕೆಗೆ ಉತ್ತರವೂ ಮೇಲಿನದೇ, ಏಕೆಂದರೆ ಶೀತಪೆಟ್ಟಿಗೆಯಲ್ಲಿ ಹುದುಗುವಿಕೆ ನಿಧಾನವಾಗುತ್ತದೆಯೇ ಹೊರತು ಪೂರ್ತಿ ನಿಲ್ಲುವುದಿಲ್ಲ. ಸೋಡಾ ಬೆರೆಸಿಟ್ಟಿದ್ದಾರೆಂಬ ಮಾತೂ ನಿಲ್ಲದು. ಹುಳಿ ಹಿಟ್ಟಿಗೆ ಬಿದ್ದ ಸೋಡಾ ಆ ಕ್ಷಣವೇ ಬುರುಗೆದ್ದು ಮುಗಿಯುತ್ತದೆ, ದಿನಗಟ್ಟಲೆ ಉಳಿಯುವುದಿಲ್ಲ. ಅದೇ ಸಂದೇಶದಲ್ಲಿ ಬಂದ ನೌಕರರ ಧರ್ಮದ ಪ್ರಸ್ತಾಪಕ್ಕೂ ಹಿಟ್ಟು ಉಕ್ಕುವುದಕ್ಕೂ ಇರುವ ಸಂಬಂಧವನ್ನು ಸಂದೇಶ ಬರೆದವರೇ ವಿವರಿಸಬೇಕು.

ಸಂಸ್ಥೆಯ ಹೇಳಿಕೆಗೂ ಒಂದು ಮಿತಿಯಿತ್ತು: ಹಿಟ್ಟಿನಲ್ಲಿ ಏನಿದೆ, ಏನಿಲ್ಲ ಎಂಬುದನ್ನಷ್ಟೇ ಅದು ಹೇಳಿತು, ಆರೋಪಿಸಿದ ವಸ್ತು ಅಲ್ಲಿದ್ದರೂ ಏಕೆ ನಿರುಪಯೋಗಿ ಎಂಬುದನ್ನು ಹೇಳಲಿಲ್ಲ. ಆದರೆ ಆ ಎರಡನೆಯ ಮಾತನ್ನು, ತಲೆಮಾರುಗಳಿಂದ ಒರಳಿನಲ್ಲೂ ಗ್ರೈಂಡರಿನಲ್ಲೂ ಉದ್ದು ರುಬ್ಬಿ, ಮರುದಿನ ಪಾತ್ರೆಯ ಅಂಚು ಮೀರಿ ಉಕ್ಕಿದ ಹಿಟ್ಟನ್ನು ಒರೆಸುತ್ತ ಬಂದ ನಾಡಿನಲ್ಲಿ ಕಂಪನಿಯೊಂದು ಬಿಡಿಸಿ ಹೇಳಬೇಕಾಗುತ್ತದೆಂದು ಯಾರು ತಾನೇ ಊಹಿಸಿಯಾರು?