ಮಗ ಫೋನ್ ಎತ್ತಲಿಲ್ಲ ಅಂದ್ರೆ ಆಕ್ಸಿಡೆಂಟೇ ಆಗಿರಬೇಕಾ?

ರಾತ್ರಿ ಒಂಬತ್ತೂವರೆ. ಬೆಂಗಳೂರಿನಲ್ಲಿರುವ ಮಗನಿಗೆ ಮೂರು ಸಲ ಕಾಲ್ ಮಾಡಿದ್ರೂ ಎತ್ತುತ್ತಿಲ್ಲ. ಊರಲ್ಲಿರುವ ಅಮ್ಮನ ತಲೆಯಲ್ಲಿ ಸರಪಳಿ ಶುರು: ‘ಬೈಕಿನಿಂದ ಬಿದ್ದಿದ್ರೆ? ಆಸ್ಪತ್ರೆಗೆ ಸೇರಿಸೋರು ಯಾರೂ ಇಲ್ದಿದ್ರೆ? ಅವನಿಗೇನಾದ್ರೂ ಆದ್ರೆ ನಾವು ಹೇಗೆ ಬದುಕೋದು?’ ಎರಡೇ ನಿಮಿಷದಲ್ಲಿ ಕೈಕಾಲು ನಡುಕ.

ಇಂಥ ಸರಪಳಿಯನ್ನು ಸಿಬಿಟಿ ಎಂಬ ಮನೋಚಿಕಿತ್ಸೆಯಲ್ಲಿ ಹಾಳೆಯ ಮೇಲೆ ಬರೆಸುತ್ತಾರೆ. ಒಂದೊಂದು ‘ಆದ್ರೆ’ಗೂ ಒಂದು ಸಾಲು. ಅದನ್ನು ಎಷ್ಟು ನಂಬುತ್ತೀರಿ ಅಂತ 100ಕ್ಕೆ ಅಂಕ. ಈ ಅಮ್ಮ ಆಕ್ಸಿಡೆಂಟ್‌ಗೆ 80 ಕೊಟ್ಟರು ಅಂದುಕೊಳ್ಳಿ.

ಈಗ ಸಾಕ್ಷಿ ನೋಡಬೇಕು. ಗೊತ್ತಿರೋದು ಒಂದೇ: ಮಗ ಫೋನ್ ಎತ್ತಿಲ್ಲ. ಉಳಿದದ್ದೆಲ್ಲ ಊಹೆ. ಕಳೆದ ತಿಂಗಳೂ ಐದು ಸಲ ಹೀಗೇ ಆಗಿತ್ತು. ಫೋನ್ ಸೈಲೆಂಟ್‌ನಲ್ಲಿತ್ತು, ಚಾರ್ಜ್ ಮುಗಿದಿತ್ತು, ಇಲ್ಲವೇ ಅವನು ಮಲಗಿದ್ದ. ಇದನ್ನೂ ಬರೆದು ನೋಡಿದಾಗ 80 ಇದ್ದದ್ದು 20ಕ್ಕೆ ಇಳಿಯಿತು. ಸೊನ್ನೆಗೆ ಬರಬೇಕಿಲ್ಲ. ‘ಏನೂ ಆಗಲ್ಲ’ ಅಂತ ಹೇಳಿಕೊಳ್ಳೋದಲ್ಲ, ಭಯದ ಅಳತೆ ಸರಿಮಾಡಿಕೊಳ್ಳೋದು ಇದರ ಉದ್ದೇಶ.

ಬಹಳ ಜನ ಎಡವೋದು ಐದೈದು ನಿಮಿಷಕ್ಕೆ ಕಾಲ್ ಮಾಡೋದರಲ್ಲಿ. ಎತ್ತಿದ ತಕ್ಷಣ ಜೀವ ಬಂದಂತಾಗುತ್ತೆ, ಆದರೆ ಮುಂದಿನ ಸಲ ಕಾಯೋ ಶಕ್ತಿ ಇನ್ನೂ ಕಡಿಮೆಯಾಗುತ್ತೆ. ಒಂದು ಮೆಸೇಜ್ ಹಾಕಿ ಕಾಯಿರಿ. ಕೊನೆಗೆ ಏನಾಯ್ತು ಅನ್ನೋದನ್ನೂ ಅದೇ ಹಾಳೆಯಲ್ಲಿ ಬರೆದಿಡಿ, ಮುಂದಿನ ಸಲಕ್ಕೆ ಅದೇ ಸಾಕ್ಷಿ.

ಎದೆನೋವು, ಬೆವರಿನಂಥ ನಿಜವಾದ ಸೂಚನೆ ಇದ್ದಾಗ ಮಾತ್ರ ಹಾಳೆ ಹಿಡಿದು ಕೂರಬೇಡಿ, ಆಸ್ಪತ್ರೆಗೆ ಹೋಗಿ. ಚಿಂತೆಯಿಂದ ವಾರಗಟ್ಟಲೆ ನಿದ್ದೆ ಕೆಟ್ಟಿದ್ದರೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.