ಲಾವಂಚದ ಸಾಲು: ದೂರ ಅಳೆಯಬೇಡಿ, ಇಳಿತ ಅಳೆಯಿರಿ

ಸಿರುಗುಪ್ಪದ ಸಮತಟ್ಟಾದ ಗದ್ದೆ ಬಿಟ್ಟು ಕುರುಗೋಡಿನ ಗುಡ್ಡದ ಬುಡಕ್ಕೆ ಬಂದರೆ, ಮಳೆನೀರು ಹೊಲದ ಮಣ್ಣನ್ನೇ ಹೊತ್ತೊಯ್ಯುತ್ತೆ. ಅಲ್ಲಿ ಲಾವಂಚದ ಸಾಲು ಹಾಕೋವಾಗ ನಾನು ಹೆಜ್ಜೆ ಎಣಿಸಲ್ಲ, ಇಳಿತ ನೋಡ್ತೀನಿ. ಸಾಲಿಂದ ಸಾಲಿಗೆ ನೆಲ 1 ಮೀಟರ್ ಇಳಿಯಲಿ ಅಂದುಕೊಳ್ಳಿ. 100 ಮೀಟರ್‌ಗೆ 2 ಮೀಟರ್ ಇಳಿಯೋ ಹೊಲದಲ್ಲಿ 50 ಮೀಟರ್‌ಗೊಂದು ಸಾಲು. 5 ಮೀಟರ್ ಇಳಿದರೆ 20 ಮೀಟರ್‌ಗೊಂದು. ಪ್ರತಿ ಸಾಲೂ ಒಂದೇ ಮಟ್ಟದಲ್ಲಿ ಸಾಗಬೇಕು, ಬುಡಗಳ ನಡುವೆ 10–15 ಸೆಂ.ಮೀ. ಇರಲಿ.

ಎರಡು-ಮೂರು ಮಳೆಗಾಲ ಕಳೆದು ಬುಡಗಳು ಕೂಡಿಕೊಂಡ ಮೇಲೆ ಪರೀಕ್ಷೆ ಮಾಡಿ. ಜೋರು ಮಳೆಯಲ್ಲಿ ಸಾಲಿನ ಮೇಲಿನ, ಕೆಳಗಿನ ನೀರನ್ನ ಬೇರೆ ಬೇರೆ ಬಾಟಲಿಗೆ ಹಿಡಿದಿಡಿ. ಕೆಳಗಿನದರಲ್ಲಿ ಕೆಸರು ಕಮ್ಮಿ ಕೂತರೆ ಮಣ್ಣು ಉಳಿದಿದೆ. ಆದ್ರೆ ನೀರು ಉಳೀತು ಅಂತಲ್ಲ. ಅದಕ್ಕೆ ಹರಿವು ಎಷ್ಟು ನಿಧಾನ ಆಯ್ತು ಅಂತ ನೋಡ್ಬೇಕು. ಒಂದೇ ಕಡೆ ಕೊರಕಲು ಬಿದ್ದಿದ್ರೆ ಅಲ್ಲಿ ಸಂದು ಇದೆ, ಮತ್ತೆ ಬುಡ ನೆಡಿ.