357.1 ಮೀಟರಿನಲ್ಲಿ ಹುಟ್ಟಿದ ಮುಂಬಯಿ ರೇಡಿಯೋ

1927ರ ಜುಲೈ 23ರಂದು ಲಾರ್ಡ್ ಇರ್ವಿನ್ ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಕೇಂದ್ರವನ್ನು ಉದ್ಘಾಟಿಸಿದರು. ಆ ಕೇಂದ್ರದ ಪ್ರೇಷಕದ ಶಕ್ತಿ ಒಂದೂವರೆ ಕಿಲೋವಾಟ್. ಕೇಳುಗರಿಗೆ ಕೊಟ್ಟ ವಿಳಾಸ 357.1 ಮೀಟರ್. ಒಂದು ತಿಂಗಳ ನಂತರ ಶುರುವಾದ ಕಲ್ಕತ್ತಾ ಕೇಂದ್ರದ್ದು 370.4 ಮೀಟರ್. ಆಗ ಊರಿಗೊಂದು ಅಲೆ, ಅಲೆಗೊಂದು ಉದ್ದ. ರೇಡಿಯೋದ ಗುರುತು ಎಂದರೆ ಆ ಉದ್ದವೇ.

ಉದ್ದದ ಜೊತೆಗೆ ಕಿಲೋಹರ್ಟ್ಸ್ ಸಂಖ್ಯೆಯನ್ನೂ ಹೇಳುವ ಪದ್ಧತಿ ಆಮೇಲೆ ಗಟ್ಟಿಯಾಯಿತು. ಬೆಳಗ್ಗೆ ಸಭೆ ಆರಂಭವಾಗುವಾಗ ಬೆಂಗಳೂರು ಕೇಂದ್ರ 490.2 ಮೀಟರ್ ಮತ್ತು 612 ಕಿಲೋಹರ್ಟ್ಸ್ ಎರಡನ್ನೂ ಹೇಳುತ್ತಿದ್ದುದು ನಮ್ಮ ಹಿಂದಿನ ತಲೆಮಾರಿಗೆ ಬಾಯಿಪಾಠ. ಧಾರವಾಡದ್ದು 392.2 ಮತ್ತು 765. ಮುಂಬಯಿಯ ಅಸ್ಮಿತಾ ವಾಹಿನಿ 558, ಸಂವಾದಿತಾ 1044, ವಿವಿಧಭಾರತಿ 1188 ಕಿಲೋಹರ್ಟ್ಸ್‌ಗಳಲ್ಲಿ ಕೇಳಿಬರುತ್ತಿದ್ದವು. ಎರಡು ಸಂಖ್ಯೆಗಳಿದ್ದರೂ ಹೇಳುವ ಸಂಗತಿ ಒಂದೇ. ಹಾಗಿದ್ದಮೇಲೆ ಎರಡೇಕೆ ಬೇಕಾಯಿತು?

ರೇಡಿಯೋ ಅಲೆ ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ 299,792,458 ಮೀಟರ್ ಓಡುತ್ತದೆ. ಸೆಕೆಂಡಿಗೆ ಎಷ್ಟು ಅಲೆ ಹೊರಡುತ್ತವೆ ಎನ್ನುವುದು ಆವೃತ್ತಿ. ಅದರ ಲೆಕ್ಕ ಹರ್ಟ್ಸ್‌ನಲ್ಲಿ. ಒಂದು ಸೆಕೆಂಡಿನಲ್ಲಿ ಓಡಿದ ದೂರವನ್ನು ಆ ಸೆಕೆಂಡಿನಲ್ಲಿ ಹೊರಟ ಅಲೆಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಅಲೆಯ ಉದ್ದ, ಅಂದರೆ ತರಂಗಾಂತರ ಸಿಗುತ್ತದೆ. ವೇಗವನ್ನು ದುಂಡಾಗಿಸಿಕೊಂಡರೆ ಲೆಕ್ಕ ಸುಲಭ: ಆವೃತ್ತಿ ಕಿಲೋಹರ್ಟ್ಸ್‌ನಲ್ಲಿದ್ದರೆ 3,00,000ವನ್ನು ಅದರಿಂದ ಭಾಗಿಸಿ. ಮೆಗಾಹರ್ಟ್ಸ್‌ನಲ್ಲಿದ್ದರೆ 300ನ್ನು ಭಾಗಿಸಿ. ಉತ್ತರ ನೇರವಾಗಿ ಮೀಟರಿನಲ್ಲೇ ಬರುತ್ತದೆ. 1188ರಿಂದ ಭಾಗಿಸಿದರೆ 252.5, 1044ರಿಂದ 287.4, 558ರಿಂದ 537.6.

ಇದನ್ನೇ ತಿರುಗಿಸಿ 1927ರ ಸಂಖ್ಯೆಯನ್ನು ನೋಡೋಣ. 3,00,000ವನ್ನು 357.1ರಿಂದ ಭಾಗಿಸಿದರೆ 840 ಕಿಲೋಹರ್ಟ್ಸ್ ಬರುತ್ತದೆ. ಕಲ್ಕತ್ತಾದ 370.4ಕ್ಕೆ 810. ಎರಡೂ ದುಂಡು ಸಂಖ್ಯೆಗಳು! ಕಾಗದದ ಮೇಲೆ ಮೀಟರ್ ಮುಂದಿದ್ದರೂ ಎಂಜಿನಿಯರರ ಮೇಜಿನ ಮೇಲೆ ಆವೃತ್ತಿಯೇ ಮೊದಲು ಗೊತ್ತಾಗಿತ್ತು ಎಂದು ಇದರಿಂದ ಊಹಿಸಬಹುದು. ಬೆಳಕಿನ ನಿಖರ ವೇಗ ಹಿಡಿದು ಲೆಕ್ಕ ಹಾಕಿದರೆ 840ಕ್ಕೆ ಬರುವುದು 356.9 ಮೀಟರ್. 357 ಮೀಟರಿನಲ್ಲಿ ಒಂದು ಗೇಣಿನಷ್ಟು ವ್ಯತ್ಯಾಸ. ಕೇಳುಗನಿಗೆ ಅದರಿಂದ ಏನೂ ಆಗದು.

ಆದರೆ ಮೀಟರಿನಲ್ಲಿ ಒಂದು ತೊಡಕಿತ್ತು. ನಮ್ಮ ಕಡೆಯ ಮೀಡಿಯಂ ವೇವ್ ಕೇಂದ್ರಗಳ ನಡುವೆ ಈಗ 9 ಕಿಲೋಹರ್ಟ್ಸ್ ಅಂತರ. 1975ರ ಜಿನೀವಾ ಒಪ್ಪಂದದಂತೆ 1978ರ ನವೆಂಬರಿನಿಂದ ಜಾರಿಗೆ ಬಂದ ವ್ಯವಸ್ಥೆ ಇದು. ಈ ಸಮಾನ ಹೆಜ್ಜೆಯನ್ನು ಮೀಟರಿಗೆ ಬದಲಾಯಿಸಿದರೆ ಸಮಾನವಾಗಿ ಉಳಿಯುವುದಿಲ್ಲ. 558ರಿಂದ ಮುಂದಿನ 567ಕ್ಕೆ ಹೋದರೆ ಉದ್ದ 537.6ರಿಂದ 529.1ಕ್ಕೆ, ಎಂಟೂವರೆ ಮೀಟರ್ ಇಳಿಯುತ್ತದೆ. 1188ರಿಂದ 1197ಕ್ಕೆ ಹೋದರೆ ಇಳಿಯುವುದು ಎರಡು ಮೀಟರಿಗೂ ಕಡಿಮೆ. ಮೀಟರ್ ಲೆಕ್ಕದಲ್ಲಿ ಡಯಲ್ಲಿನ ಒಂದು ತುದಿಯಲ್ಲಿ ಕೇಂದ್ರಗಳು ದೂರದೂರ, ಇನ್ನೊಂದು ತುದಿಯಲ್ಲಿ ಒತ್ತೊತ್ತಾಗಿ. ಕೇಂದ್ರ ಹುಡುಕುವುದಕ್ಕೆ ಕಿಲೋಹರ್ಟ್ಸೇ ಅನುಕೂಲ, ಹಾಗಾಗಿ ಅದೇ ಗೆದ್ದಿತು. ಈ ವ್ಯವಸ್ಥೆ ಕೇಳುಗನಿಗೆ ಒಂದು ಚಿಕ್ಕ ಪರೀಕ್ಷೆಯನ್ನೂ ಕೊಟ್ಟಿದೆ. ಇಲ್ಲಿನ ಮೀಡಿಯಂ ವೇವ್ ಕೇಂದ್ರದ ಸಂಖ್ಯೆ 9ರಿಂದ ಭಾಗವಾಗಲೇಬೇಕು. 558ರ ಅಂಕಿಗಳನ್ನು ಕೂಡಿದರೆ 18, 1044ರವು 9, 612ರವು 9, 765ರವು 18. ಯಾರಾದರೂ 1040 ಎಂದರೆ ಯಾವುದೋ ಅಂಕಿ ತಪ್ಪಿದೆ ಎಂದು ತಕ್ಷಣ ತಿಳಿಯುತ್ತದೆ. 1927ರ 840ಕ್ಕೆ ಈ ಪರೀಕ್ಷೆ ಒಪ್ಪದು. ಅದು ಹಳೆಯ ಕಾಲದ್ದು.

ಶಾಲೆಯ ಮಕ್ಕಳು ಇಲ್ಲಿ ಎಡವುವುದು ಹೆಚ್ಚಾಗಿ ಎರಡೇ ಕಡೆ. ಒಂದು, ಕಿಲೋ ಮತ್ತು ಮೆಗಾ ಅದಲುಬದಲಾಗುವುದು. ಇನ್ನೊಂದು, ಶಬ್ದದ ಲೆಕ್ಕಕ್ಕೆ ಬೆಳಕಿನ ವೇಗ ಹಾಕಿಬಿಡುವುದು. ಸೂತ್ರ ಒಂದೇ ಆದರೂ ಶಬ್ದ ಗಾಳಿಯಲ್ಲಿ ನಡೆಯುವಂಥದ್ದು. ಮುಂಬಯಿಯ 30 ಡಿಗ್ರಿ ಸೆಕೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. 1044 ಹರ್ಟ್ಸ್‌ನ ಸ್ವರವೊಂದು ಕೇಳಿಸಿದರೆ ಅದರ ತರಂಗಾಂತರ 349 ಭಾಗಿಸು 1044, ಅಂದರೆ ಸುಮಾರು 33 ಸೆಂಟಿಮೀಟರ್. ಅದೇ ಅಂಕಿ ಕಿಲೋಹರ್ಟ್ಸ್ ಆಗಿ ಸಂವಾದಿತಾ ವಾಹಿನಿಯದಾದಾಗ 287 ಮೀಟರ್. ಶಬ್ದವೋ ರೇಡಿಯೋವೋ ಎಂದು ಮೊದಲು ಕೇಳಿಕೊಳ್ಳದೆ ಭಾಗಾಕಾರಕ್ಕೆ ಕೈಹಾಕಬಾರದು.

ಕೇಂದ್ರ ಹುಡುಕುವ ಕೆಲಸದಲ್ಲಿ ಸೋತ ಮೀಟರ್ ಆಂಟೆನಾ ಕಟ್ಟುವಲ್ಲಿ ಮಾತ್ರ ಇಂದಿಗೂ ಯಜಮಾನ. ಆಂಟೆನಾ ತನ್ನ ಅಲೆಗೆ ತಕ್ಕಷ್ಟು ಉದ್ದವಿರಬೇಕು. ನೆಲದ ಮೇಲೆ ನಿಂತ ಮೀಡಿಯಂ ವೇವ್ ಗೋಪುರಕ್ಕೆ ಅಲೆಯ ಕಾಲು ಭಾಗದ ಎತ್ತರ ಒಳ್ಳೆಯ ಅಳತೆ. 1044ಕ್ಕೆ ಅದು ಸುಮಾರು 72 ಮೀಟರ್, 558ಕ್ಕೆ 134 ಮೀಟರ್. ಇಂಥವನ್ನು ಚರ್ಚ್‌ಗೇಟಿನ ಆಕಾಶವಾಣಿ ಭವನದ ನೆತ್ತಿಯ ಮೇಲೆ ನಿಲ್ಲಿಸಲಾಗದು. ಸ್ಟುಡಿಯೋ ಊರ ನಡುವೆ, ಪ್ರೇಷಕ ಮಲಾಡಿನಲ್ಲಿ. ಸಮುದ್ರದ ಅಂಚಿನ ಉಪ್ಪುಜವುಗು ನೆಲ ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದರಿಂದ, ನೆಲಕ್ಕಂಟಿ ಸಾಗುವ ಮೀಡಿಯಂ ವೇವ್ ಅಲೆಗೆ ಅದು ಹೇಳಿ ಮಾಡಿಸಿದ ಜಾಗ. ನಮ್ಮ ಮನೆಯ ರೇಡಿಯೋದಲ್ಲಿ 72 ಮೀಟರಿಗೆ ಎಡೆಯೆಲ್ಲಿ? ಅಲ್ಲಿ ಫೆರೈಟ್ ಕಡ್ಡಿಗೆ ಸುತ್ತಿದ ತಂತಿಯ ಸುರುಳಿ ಅಲೆಯ ಕಾಂತೀಯ ಭಾಗವನ್ನು ಹಿಡಿಯುತ್ತದೆ.

ಎಫ್‌ಎಂ ಬಂದಮೇಲೆ ಈ ಅಳತೆ ಮನೆಯ ಕಿಟಕಿಗೆ ಹೊಂದುವಷ್ಟಾಯಿತು. ಮುಂಬಯಿಯಲ್ಲಿ ವಿವಿಧಭಾರತಿ ಎಫ್‌ಎಂನಲ್ಲಿ 102.8 ಮೆಗಾಹರ್ಟ್ಸ್. 300ನ್ನು 102.8ರಿಂದ ಭಾಗಿಸಿದರೆ 2.92 ಮೀಟರ್. ಇಲ್ಲಿ ಮರೆತು 3,00,000 ಹಾಕಿದರೆ 2918 ಮೀಟರ್ ಬರುತ್ತದೆ. ಚರ್ಚ್‌ಗೇಟಿನಿಂದ ಮರೀನ್ ಲೈನ್ಸ್ ದಾಟುವ ಆಂಟೆನಾ ಇರಲಾರದು ಎಂಬ ಅರಿವೇ ತಪ್ಪನ್ನು ಹಿಡಿದುಕೊಡುತ್ತದೆ. ದ್ವಿಧ್ರುವ ಆಂಟೆನಾಕ್ಕೆ ಬೇಕಾದುದು ಅರ್ಧ ಅಲೆ, 1.46 ಮೀಟರ್. ತಂತಿಯ ತುದಿಗಳ ಪ್ರಭಾವದಿಂದ ಅದು ತನ್ನ ನಿಜ ಉದ್ದಕ್ಕಿಂತ ಸ್ವಲ್ಪ ಉದ್ದವಿದ್ದಂತೆ ವರ್ತಿಸುವುದರಿಂದ ಶೇಕಡಾ 5ರಷ್ಟು ಕತ್ತರಿಸಬೇಕು. ಉಳಿಯುವುದು 1.39 ಮೀಟರ್. ತಾಮ್ರದ ತಂತಿಯ ಎರಡು ತುಂಡು, ತಲಾ 69 ಸೆಂಟಿಮೀಟರ್, ಒಂದೇ ಸಾಲಿನಲ್ಲಿ. ನಡುವಿನ ಸಣ್ಣ ಸಂದಿಯಲ್ಲಿ 75 ಓಮ್ ಕೇಬಲ್‌ನ ಒಳತಂತಿ ಒಂದಕ್ಕೆ, ಜಾಲರಿ ಇನ್ನೊಂದಕ್ಕೆ. ಕೇಬಲ್‌ನ ಇನ್ನೊಂದು ತುದಿ ರಿಸೀವರ್‌ಗೆ.

ಕಿಟಕಿಯ ಕಬ್ಬಿಣದ ಗ್ರಿಲ್ಲಿಗೆ ತಂತಿಯನ್ನು ಅಂಟಿಸಿ ಕಟ್ಟಿದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಗ್ರಿಲ್ಲೂ ಆಂಟೆನಾದ ಭಾಗವಾಗಿ ಅಳತೆ ತಪ್ಪಿಸುತ್ತದೆ. ಮರದ ಪಟ್ಟಿಗೆ ಕಟ್ಟಿ ಗ್ರಿಲ್ಲಿನಿಂದ ದೂರವಿಡಬೇಕು. ದಾದರ್, ಪರೇಲ್ ಕಡೆಯ ಗಗನಚುಂಬಿಗಳ ನಡುವೆ ಮತ್ತೊಂದು ಕಷ್ಟ: ಗೋಡೆಗಳಿಗೆ ತಗಲಿ ಮರಳಿದ ಅಲೆಯೂ ನೇರ ಬಂದ ಅಲೆಯೂ ಒಂದು ಜಾಗದಲ್ಲಿ ಕೂಡಿಕೊಳ್ಳುತ್ತವೆ, ಇನ್ನೊಂದರಲ್ಲಿ ಪರಸ್ಪರ ಅಳಿಸಿಕೊಳ್ಳುತ್ತವೆ. ಮಾತಿನ ಸಕಾರ ಸೀಳಿದಂತೆ ಕೇಳಿದರೆ, ಸ್ಟೀರಿಯೋ ದೀಪ ಮಿಣುಕಿದರೆ ಆಂಟೆನಾ ಅಂಥ ಅಳಿಸುವ ಜಾಗದಲ್ಲಿದೆ ಎಂದು ಅನುಮಾನಿಸಬಹುದು. ಹಿಂದಿನಿಂದ ಮರಳುವ ಅಲೆಯಾದರೆ ಅಳಿಯುವ ಜಾಗಕ್ಕೂ ಕೂಡುವ ಜಾಗಕ್ಕೂ ನಡುವಿನ ದೂರ ಕಾಲು ಅಲೆ, ಅಂದರೆ 73 ಸೆಂಟಿಮೀಟರ್. ಅಷ್ಟರೊಳಗೆ ಪಟ್ಟಿಯನ್ನು ಮೆಲ್ಲಗೆ ಸರಿಸುತ್ತಾ ಹೋದರೆ ಹಾಡು ಸ್ಪಷ್ಟವಾಗುವ ಜಾಗ ಬಹುಪಾಲು ಸಿಗುತ್ತದೆ.